ಡೆಲ್ಫ್ ಬಿ2 ಪ್ರಬಂಧ: ವಾದ ಕನ್ನಡದಲ್ಲಿ, ಕನೆಕ್ಟರ್ ಫ್ರೆಂಚಿನಲ್ಲಿ

ಈ ಸಲ ನನ್ನ ಕುವೆಂಪುನಗರದ ಬ್ಯಾಚಿನಿಂದ ಡೆಲ್ಫ್ ಅನ್ನೋ ಫ್ರೆಂಚ್ ಭಾಷಾ ಪರೀಕ್ಷೆಯ ಬಿ2 ಹಂತ ಬರೆದವರೆಲ್ಲ ಬರವಣಿಗೆಯಲ್ಲಿ 25ಕ್ಕೆ 16ರ ಮೇಲೇ ತೆಗೆದಿದ್ದಾರೆ. ಹಿಂದಿನ ಬ್ಯಾಚುಗಳು 10, 11ರ ಹತ್ತಿರವೇ ನಿಲ್ಲುತ್ತಿದ್ದವು. ವಾದವನ್ನು ಮೊದಲು ಕನ್ನಡದಲ್ಲಿ ಬರೆಸುವ ನನ್ನ ವಿಧಾನ ಕೇಳಿದಾಗ ಜೊತೆಯ ಟೀಚರ್ ಒಬ್ಬರು, "ಮೇಡಂ, ತಲೇಲಿ ಕನ್ನಡ ತುಂಬಿದ್ರೆ ಫ್ರೆಂಚ್ ಎಲ್ಲಿಂದ ಬರತ್ತೆ?" ಅಂದಿದ್ದರು. ಫ್ರೆಂಚಿನಲ್ಲೇ ಯೋಚಿಸಬೇಕು ಅನ್ನೋದು ಎಲ್ಲರ ಮಾತು. ಅಂಕ ಬಂದ ಮೇಲೆ ಈಗ ಬರೆಯುತ್ತಿದ್ದೇನೆ.

ಮೊದಲು ಹಣ ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಒಂದು ಆನ್‌ಲೈನ್ ಕೋರ್ಸಿಗೆ 12,000 ರೂಪಾಯಿಯ ಹತ್ತಿರ ಕೊಟ್ಟೆ. ಸಿಕ್ಕಿದ್ದು ಕನೆಕ್ಟರುಗಳ, ಅಂದರೆ ವಾಕ್ಯಗಳನ್ನು ಜೋಡಿಸುವ ಪದಗಳ, ಉದ್ದನೆಯ ಪಟ್ಟಿ. ಹುಡುಗರು ಅದನ್ನು ಬಾಯಿಪಾಠ ಮಾಡಿ ಪ್ರತಿ ವಾಕ್ಯದ ಮುಂದೆ ಒಂದೊಂದು ಅಂಟಿಸಿದರು. ಪ್ರಬಂಧಕ್ಕೆ 500 ರೂಪಾಯಿಯಂತೆ ಹೊರಗೆ ತಿದ್ದಿಸಿದೆ. ವ್ಯಾಕರಣ ಕೆಂಪಾಗಿ ಬಂತು, ವಾದ ಹಾಗೇ ಉಳಿಯಿತು.

ತೊಂದರೆ ಎಲ್ಲಿದೆ ಅಂತ ಗೊತ್ತಾದದ್ದು ಒಬ್ಬ ಹುಡುಗಿಯ ಹಾಳೆಯಿಂದ. ಪೇಟೆ ಬೀದಿಯಲ್ಲಿ ಕಾರು ನಿಷೇಧಿಸಬೇಕೇ ಅನ್ನೋ ವಿಷಯ. "ಕಾರು ಹೊಗೆ ಬಿಡುತ್ತದೆ. ಪುರ್ತಾಂ ಮಕ್ಕಳಿಗೆ ಕೆಮ್ಮು ಬರುತ್ತದೆ" ಎಂಬರ್ಥ ಬರುವಂತೆ ಬರೆದಿದ್ದಳು. ಫ್ರೆಂಚಿನಲ್ಲಿ ಓದಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. "ಹೊಗೆ ಬಿಡುತ್ತದೆ, ಆದರೂ ಕೆಮ್ಮು ಬರುತ್ತದೆ" ಅಂತ ನಾನು ಕನ್ನಡದಲ್ಲಿ ಓದಿದ ಕೂಡಲೇ, "ಅಯ್ಯೋ ಮೇಡಂ, ಅಲ್ಲಿ 'ಆದ್ದರಿಂದ' ಬರಬೇಕು" ಅಂದಳು. ತರ್ಕ ಹಿಡಿಯುವ ಕಿವಿ ಅವಳಿಗೆ ಕನ್ನಡದಲ್ಲಿ ಆಗಲೇ ಇತ್ತು.

ಅಲ್ಲಿಂದ ರಫ್ ಹಾಳೆ ಬದಲಾಯಿತು. ವಾಕ್ಯ ಕನ್ನಡದಲ್ಲಿ, ಕನೆಕ್ಟರ್ ಮಾತ್ರ ಫ್ರೆಂಚಿನಲ್ಲಿ. ದೇವರಾಜ ಅರಸು ರಸ್ತೆಯನ್ನು ಶನಿವಾರ, ಭಾನುವಾರ ಕಾರಿಗೆ ಮುಚ್ಚಿ ಅಂತ ಮೇಯರ್‌ಗೆ ಪತ್ರ ಬರೆಯುವುದಾದರೆ ಒಂದು ಪ್ಯಾರಾ ಹೀಗಿರುತ್ತದೆ:

ಸೆರ್ತ್, ಗಿರಾಕಿ ಕಮ್ಮಿಯಾಗುತ್ತಾರೆ ಅನ್ನೋ ಅಂಗಡಿಯವರ ಭಯ ಸುಳ್ಳಲ್ಲ. ಮೆ ಕಾರು ಅಂಗಡಿ ಬಾಗಿಲಿಗೆ ಈಗಲೂ ಬರುವುದಿಲ್ಲ. ಆನೆಫೆ, ಸಂಜೆ ಹೊತ್ತು ಕಾರಿನವರೂ ದೂರ ನಿಲ್ಲಿಸಿ ನಡೆದೇ ಬರುತ್ತಾರೆ. ದೊಂಕ್ ರಸ್ತೆ ಮುಚ್ಚಿದರೆ ಅಂಗಡಿ ಗಿರಾಕಿಯನ್ನು ಕಳೆದುಕೊಳ್ಳುವುದಿಲ್ಲ.

ಇಲ್ಲಿ ನಾಲ್ಕಕ್ಕೂ ಬೇರೆ ಬೇರೆ ಕೆಲಸ. ಸೆರ್ತ್ ಎದುರಾಳಿಯ ಮಾತನ್ನು ಒಪ್ಪುತ್ತದೆ. ಅದು ಬಂದ ಮೇಲೆ 'ಆದರೆ' ಅನ್ನುವ ಮೆ ಬರಲೇಬೇಕು, ಇಲ್ಲದಿದ್ದರೆ ನೀವು ಸೋತು ಕೂತಂತೆ. ಆನೆಫೆ ಅಂದರೆ ಹಿಂದಿನ ವಾಕ್ಯಕ್ಕೆ ಆಧಾರ ಕೊಡುವುದು. ಇಂಗ್ಲಿಷಿನ 'ಇನ್ ಫ್ಯಾಕ್ಟ್' ನೆನೆದು ಅದನ್ನು ವಿರೋಧ ತೋರಿಸಲು ಹಾಕುವವರೇ ಹೆಚ್ಚು. ಪ್ಯಾರಾ 'ಆದ್ದರಿಂದ' ಅನ್ನುವ ದೊಂಕ್‌ನಲ್ಲಿ ಮುಗಿಯಬೇಕು, ಅದು ಮೇಯರ್ ಒಪ್ಪಬೇಕಾದ ಮಾತಾಗಿರಬೇಕು. ಇಂಥ ಎರಡು ಪ್ಯಾರಾ, ಮುಂದೆ ಮೂರ್ನಾಲ್ಕು ಸಾಲಿನ ಪೀಠಿಕೆ, ಕೊನೆಗೆ ಸ್ಪಷ್ಟವಾದ ಒಂದು ಬೇಡಿಕೆ ಸೇರಿದರೆ ಕನಿಷ್ಠ ಬೇಕಾದ 250 ಪದ ತಾನಾಗಿ ದಾಟುತ್ತದೆ. ಕೊನೆಯ ಪ್ಯಾರಾದಲ್ಲಿ ಹೊಸ ವಾದ ತೆಗೆಯಲು ನಾನು ಬಿಡುವುದಿಲ್ಲ. ಎರಡರಲ್ಲಿ ಯಾವ ವಾದ ಮೊದಲು ಬರಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನು ನನ್ನ ಮಕ್ಕಳಿಗೇ ಇಟ್ಟುಕೊಳ್ಳುತ್ತೇನೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಮುಗಿದ ಪ್ರಬಂಧದ ಕನೆಕ್ಟರುಗಳನ್ನೆಲ್ಲ ವೈಟ್ನರ್‌ನಿಂದ ಅಳಿಸಿ ಪಕ್ಕದವನ ಕೈಗೆ ಕೊಟ್ಟೆ. ಒಂದು ಜಾಗದಲ್ಲಿ ಅವನು ಆನೆಫೆಯೂ ಆಗುತ್ತೆ, ಪುರ್ತಾಂ ಕೂಡ ಆಗುತ್ತೆ ಅಂದರೆ ಆ ಎರಡು ವಾಕ್ಯಗಳಿಗೆ ಸಂಬಂಧವೇ ಇಲ್ಲ ಅಂತ ಅರ್ಥ. ಆಗ ವಾಕ್ಯವನ್ನೇ ಬದಲಿಸಬೇಕು. ಪ್ರಬಂಧಕ್ಕೆ 500 ರೂಪಾಯಿ ಕೊಟ್ಟು ತಿದ್ದಿಸಿದ್ದಕ್ಕಿಂತ ಇದರಿಂದ ಹೆಚ್ಚು ಕಲಿತರು.

ಸಮಯ ಒಂದು ಗಂಟೆ. ಕನ್ನಡದ ಹಾಳೆಗೆ ಹನ್ನೆರಡು ನಿಮಿಷದ ಮೇಲೆ ಕೊಡುವುದಿಲ್ಲ, ಅದರಲ್ಲಿ ವಾಕ್ಯಗಳೂ ಮೋಟಾಗಿರಬೇಕು. ಉದ್ದುದ್ದ ಬರೆದವರು ಆಮೇಲೆ ಅನುವಾದಕ್ಕೆ ಕೂರುತ್ತಾರೆ, ಟೀಚರ್ ಹೆದರಿದ್ದು ಅಲ್ಲಿ ನಿಜವಾಗುತ್ತದೆ. ಕೊನೆಯ ಐದು ನಿಮಿಷ ಪದ ಎಣಿಸಲು. ಎರಡು ಖಾಲಿ ಜಾಗದ ನಡುವೆ ಇರುವುದೆಲ್ಲ ಒಂದೇ ಪದ, ಹಾಗಾಗಿ 'ಅಂದರೆ' ಅನ್ನೋದಕ್ಕೆ ಬರುವ, ಅಡ್ಡಗೆರೆಗಳಿಂದ ಕೂಡಿದ ಸೆತಾದೀರ್ ಕೂಡ ಒಂದೇ.

ಈ ವಿಧಾನ ಕೈಕೊಡುವುದು 'ಆಗಿದ್ದರೂ' ಅನ್ನುವ ಬಿಯಾಂಕ ಬಂದಾಗ. "ಮಳೆ ಬಂದರೂ" ಅನ್ನುವಾಗ ನಮ್ಮಲ್ಲಿ 'ರೂ' ವಾಕ್ಯಖಂಡದ ಕೊನೆಗೆ ಬರುತ್ತದೆ. ಫ್ರೆಂಚಿನಲ್ಲಿ ಬಿಯಾಂಕ ಮೊದಲೇ ಬಂದು ಕೂತು ಕ್ರಿಯಾಪದವನ್ನು ಸಬ್ಜಂಕ್ಟಿವ್ ಅನ್ನೋ ಬೇರೆ ರೂಪಕ್ಕೆ ಎಳೆಯುತ್ತದೆ. ಅದಕ್ಕೆ ಕನ್ನಡದ ಕಿವಿ ಏನೂ ಮಾಡಲಾರದು. ಆ ಕ್ರಿಯಾಪದಗಳನ್ನು ಬೇರೆಯಾಗಿ ಉರು ಹೊಡೆಸುತ್ತೇನೆ. ಅಲ್ಲೀವರೆಗೆ ಬಿಯಾಂಕ ಬೇಡ, ನಾಮಪದದ ಮುಂದೆ 'ಹೊರತಾಗಿಯೂ' ಅನ್ನುವ ಮಾಲ್ಗ್ರೆ ಹಾಕಿ ದಾಟಿಕೊಳ್ಳಿ ಅಂತ ಹೇಳಿದ್ದೇನೆ.