ಬಿದ್ದ ಕಲ್ಲು ಎಳೆಯಲಿಲ್ಲ, ಪಿಲ್ಲರ್ ಪಕ್ಕ ಹಿಡಿದು ಹೋದೆವು

ನನ್ನೂರು ಮೂಡಿಗೆರೆ, ಕೆಲಸ ಮಾಡಿದ್ದು ಹೊರರಾಜ್ಯದ ಕಲ್ಲಿದ್ದಲು ಗಣಿಯಲ್ಲಿ. ಆ ರಾತ್ರಿ ಶಿಫ್ಟ್ ಇನ್‌ಚಾರ್ಜ್ ನಾನೇ. ಕಲ್ಲಿದ್ದಲು ಕಡಿಯುವ ಫೇಸ್ ಹತ್ತಿರ ಸುಮಾರು ಆರು ಮೀಟರ್ ಉದ್ದಕ್ಕೆ ರೂಫ್ ಕುಸಿಯಿತು. ಆಚೆ ಕಡೆ ಮೂವರು ಸಿಕ್ಕಿಕೊಂಡರು.

ಎಲ್ಲರೂ ಹೇಳಿದ್ದು ಒಂದೇ: ಲೋಡರ್ ತಂದು ಕಲ್ಲು ಎಳೀರಿ. ನಾನು ಒಪ್ಪಲಿಲ್ಲ. ಎರಡು ವರ್ಷ ಹಿಂದೆ ಇನ್ನೊಂದು ಗ್ಯಾಲರಿಯಲ್ಲಿ ಹಾಗೆ ಎಳೆದಿದ್ದೆವು. ಒಂದು ಬಕೆಟ್ ತೆಗೆದರೆ ಮೇಲಿಂದ ಎರಡು ಬಕೆಟ್ ಬೀಳುತ್ತಿತ್ತು. ಮೂರು ದಿನ ಹೋಯಿತು, ಲಕ್ಷಗಟ್ಟಲೆ ದುಡ್ಡು ಹೋಯಿತು. ಅವತ್ತು ಆಚೆ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ.

ಮೊದಲು ಗಾಳಿಯ ಪೈಪಿಗೆ ಸ್ಪ್ಯಾನರ್‌ನಿಂದ ಮೂರು ಸಲ ತಟ್ಟಿದೆ. ಆ ಕಡೆಯಿಂದಲೂ ಮೂರು ತಟ್ಟು ಬಂತು. ಪೈಪ್ ಒಡೆದಿಲ್ಲ ಅಂತ ಗೊತ್ತಾಗಿ, ಕಂಪ್ರೆಸ್ಡ್ ಏರ್ ನಿಲ್ಲಿಸಬೇಡಿ ಅಂತ ಮೇಲಕ್ಕೆ ಫೋನ್ ಮಾಡಿಸಿದೆ.

ಆಮೇಲೆ ನಾನೊಂದು ತಪ್ಪು ಮಾಡಿದೆ. ಮಿಥೇನ್ ಎದೆ ಮಟ್ಟದಲ್ಲಿ ನೋಡಿ 0.4 ಪರ್ಸೆಂಟ್ ಅಂತ ಬರೆದೆ. ಅದು ಹಗುರ, ಕುಸಿದ ಜಾಗದ ಗೂಡಿನಲ್ಲಿ ಮೇಲೆ ಸೇರಿಕೊಳ್ಳುತ್ತದೆ ಅಲ್ವಾ? ಉದ್ದ ಕೋಲಿಗೆ ಸ್ಯಾಂಪಲ್ ನಳಿಗೆ ಕಟ್ಟಿ ಮೇಲಕ್ಕೆ ಚಾಚಿದರೆ 1.3 ತೋರಿಸಿತು. 1.25 ದಾಟಿದರೆ ಗ್ಯಾಸ್ ಹೊರಹಾಕುವವರು ಬಿಟ್ಟು ಬೇರೆ ಯಾರೂ ಅಲ್ಲಿ ನಿಲ್ಲುವ ಹಾಗಿಲ್ಲ. ಕರೆಂಟ್ ತೆಗೆಸಿ ಜನರನ್ನು ಹಿಂದಕ್ಕೆ ಕಳಿಸಿದೆ. ಬ್ರಾಟಿಸ್ ಬಟ್ಟೆ ಕಟ್ಟಿ ಗಾಳಿಯನ್ನು ಆ ಗೂಡಿನತ್ತ ತಿರುಗಿಸಿದೆವು. ಮುಕ್ಕಾಲು ಗಂಟೆಯಲ್ಲಿ 0.6ಕ್ಕೆ ಇಳಿಯಿತು. ಅಲ್ಲಿಂದ ಕಾಲು ಗಂಟೆಗೊಮ್ಮೆ ರೀಡಿಂಗ್, ಮೇಲಿನದು ಬೇರೆ, ಕೆಳಗಿನದು ಬೇರೆ.

ಬಿದ್ದ ಜಾಗದ ಅಂಚಿನಲ್ಲಿ, ಗಟ್ಟಿ ರೂಫಿನ ಕೆಳಗೆ, ಮೊದಲು ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಚೌಕ್ ಎರಡು ಕಟ್ಟಿಸಿದೆ. ಅಲ್ಲಿಂದ, ರೂಫ್ ಹೊರಲು ಕಡಿಯದೆ ಬಿಟ್ಟ ಕಲ್ಲಿದ್ದಲಿನ ಪಿಲ್ಲರ್ ಪಕ್ಕವನ್ನೇ ಹಿಡಿದು, ಒಬ್ಬ ತೆವಳುವಷ್ಟು ಸಣ್ಣ ದಾರಿ ಕೈಯಲ್ಲೇ ಬಿಡಿಸಿದೆವು. ಪಕ್ಕದಲ್ಲಿ ಕಲ್ಲಿನ ಭಾರ ಪಿಲ್ಲರ್ ಮೇಲೆ ಒರಗಿರುತ್ತದೆ, ನಡುವಿನಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಅರ್ಧ ಮೀಟರ್ ಮುಂದೆ ಹೋದರೆ ಎರಡು ಪ್ರಾಪ್, ಮೇಲೊಂದು ಅಡ್ಡಮರ, ಅದರ ಮೇಲಿಂದ ಮುಂದಕ್ಕೆ ಹಲಗೆ ತಳ್ಳಿ ಅದರ ನೆರಳಲ್ಲೇ ಮುಂದಿನ ಕಲ್ಲು ತೆಗೆಯುವುದು. ಸಪೋರ್ಟ್ ಇಲ್ಲದ ಕಡೆ ತಲೆ ಕೂಡ ಚಾಚಲು ಬಿಡಲಿಲ್ಲ. ನಾಲ್ಕನೇ ಸೆಟ್ ಹತ್ತಿರ ಮರ ಕಿರ್ ಅಂತು, ಸಣ್ಣ ಪುಡಿ ಉದುರಿತು. ತಕ್ಷಣ ಎಲ್ಲರೂ ಹೊರಗೆ. ಅಡ್ಡಮರ ಬಗ್ಗಿತ್ತು, ಮುರಿದಿರಲಿಲ್ಲ. ಅದನ್ನು ತೆಗೆಯದೆ ಪಕ್ಕದಲ್ಲೇ ಇನ್ನೊಂದು ಕೊಟ್ಟೆವು. ಕಬ್ಬಿಣಕ್ಕಿಂತ ಮರ ನನಗೆ ಇಷ್ಟ ಇದಕ್ಕೇ, ಮುರಿಯುವ ಮೊದಲು ಕೂಗಿ ಹೇಳುತ್ತದೆ.

ಹಿಂದೆ ಒಮ್ಮೆ ರೂಫಿನ ಬಿರುಕಿಗೆ ಗಾಜಿನ ಪಟ್ಟಿ ಅಂಟಿಸಿ ನೋಡಿದ್ದೆ, ಒಡೆದರೆ ಕದಲಿದೆ ಅಂತ ತಿಳಿಯಲು. ತೇವಕ್ಕೆ ಗಾರೆ ಹಿಡಿಯಲಿಲ್ಲ, ಸುಮ್ನೆ ಕಳಚಿ ಬಿತ್ತು. ಈಗ ಕೋಲಿನಿಂದ ತಟ್ಟಿ ಸದ್ದು ಕೇಳುವುದೇ ಜಾಸ್ತಿ. ಡಬ್ ಅಂದರೆ ಪದರ ಬಿಟ್ಟಿದೆ ಅಂತ ನಿಮಗೂ ಗೊತ್ತು. ಎಷ್ಟು ದಪ್ಪದ ಪದರ ಅಂತ ಸದ್ದಿನಲ್ಲೇ ಹೇಳುವುದು ಮಾತ್ರ ನನ್ನ ಜೊತೆ ಒಳಗೆ ಬಂದವರಿಗೇ ಕಲಿಸುತ್ತೇನೆ.

ಮರಕ್ಕೆ ಸುಮಾರು ಮೂವತ್ತು ಸಾವಿರ ಆಗಿರಬೇಕು. ಒಂಬತ್ತು ಗಂಟೆ ಹಿಡಿಯಿತು. ಮೂವರೂ ತೆವಳಿಕೊಂಡೇ ಹೊರಗೆ ಬಂದರು, ಒಬ್ಬನಿಗೆ ಮಾತ್ರ ಕಾಲಿಗೆ ಪೆಟ್ಟು. ಲೋಡರ್ ತನ್ನಿ ಅಂದವರೇ ಅವನನ್ನು ಸ್ಟ್ರೆಚರಿಗೆ ಎತ್ತಿದರು. ರಿಪೋರ್ಟಿನಲ್ಲಿ ಆ ಮೊದಲ 0.4 ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ "ಎದೆ ಮಟ್ಟದಲ್ಲಿ ಮಾತ್ರ" ಅಂತ ಬರೆದು ಸಹಿ ಹಾಕಿದೆ.