ಮಂಡಿ ಎಂಆರ್‌ಐ ರಿಪೋರ್ಟ್‌ನಲ್ಲಿ ‘ಗ್ರೇಡ್ 2’ ಅಂದರೆ ಹರಿದಿದೆ ಅಂತಲ್ಲ

ರಿಪೋರ್ಟ್‌ನ ಕೊನೆಯ ‘ಇಂಪ್ರೆಷನ್’ನಲ್ಲಿ ‘ಮೀಡಿಯಲ್ ಮೆನಿಸ್ಕಸ್, ಪೋಸ್ಟೀರಿಯರ್ ಹಾರ್ನ್, ಗ್ರೇಡ್ 2 ಸಿಗ್ನಲ್’ ಅಂತ ಕಂಡ ಕೂಡಲೇ ಆಪರೇಷನ್ ಬೇಕೇನೋ ಅಂತ ಗಾಬರಿಯಾಗುವವರೇ ಹೆಚ್ಚು. ಬಿಡಿಸಿ ಓದಿ. ತೊಡೆಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ನಡುವೆ ಇರುವ ಮೆತ್ತೆಯೇ ಮೆನಿಸ್ಕಸ್; ಇಲ್ಲಿ ಹೇಳಿರುವುದು ಒಳಬದಿಯ ಮೆತ್ತೆಯ ಹಿಂತುದಿ.

ಆರೋಗ್ಯವಾಗಿರುವ ಮೆನಿಸ್ಕಸ್ ಎಂಆರ್‌ಐನಲ್ಲಿ ಕಪ್ಪಗೆ ಕಾಣುತ್ತದೆ. ಒಳಗೆ ಬಿಳಿ ಚುಕ್ಕೆ ಇದ್ದರೆ ಗ್ರೇಡ್ 1, ಗೆರೆ ಇದ್ದರೂ ಮೇಲಿನ ಅಥವಾ ಕೆಳಗಿನ ಮೇಲ್ಮೈ ಮುಟ್ಟದಿದ್ದರೆ ಗ್ರೇಡ್ 2. ಇವೆರಡೂ ಸಾಮಾನ್ಯವಾಗಿ ಒಳಗಿನ ಸವೆತದ ಗುರುತು. ಗೆರೆ ಆ ಮೇಲ್ಮೈ ಮುಟ್ಟಿದರೆ ಮಾತ್ರ ಗ್ರೇಡ್ 3, ಅಂದರೆ ನಿಜವಾಗಿಯೂ ಹರಿದಿದೆ ಅಂತ. ಅದೂ ಒಂದೇ ಚಿತ್ರದಲ್ಲಿ ಕಂಡರೆ ಅನುಮಾನವಷ್ಟೆ, ಎರಡು ಅಥವಾ ಹೆಚ್ಚು ಚಿತ್ರಗಳಲ್ಲಿ ಕಂಡರೆ ನಂಬಿಕೆ ಹೆಚ್ಚು. ‘ಪಾಸಿಬಲ್ ಟೇರ್’, ಅಂದರೆ ಹರಿದಿರಬಹುದು, ಎಂಬ ಪದ ಬರುವುದು ಹೆಚ್ಚಾಗಿ ಒಂದೇ ಚಿತ್ರದಲ್ಲಿ ಕಂಡಾಗಲೇ.

ಉದಾಹರಣೆಗೆ, 52 ವರ್ಷದವರ ರಿಪೋರ್ಟ್‌ನಲ್ಲಿ ಗ್ರೇಡ್ 2 ಜೊತೆ ‘ಮೈಲ್ಡ್ ಎಫ್ಯೂಷನ್’, ‘ಎಸಿಎಲ್ ಇಂಟ್ಯಾಕ್ಟ್’ ಅಂತಿದೆ ಅನ್ನಿ. ಕೀಲಿನಲ್ಲಿ ಸ್ವಲ್ಪ ನೀರು ಇದೆ, ಮಂಡಿಯ ಮೂಳೆಗಳನ್ನು ಹಿಡಿದಿಡುವ ಮುಖ್ಯ ಲಿಗಮೆಂಟ್ ಆದ ಎಸಿಎಲ್ ಹರಿದಿಲ್ಲ. ಇಂಥ ನೋವಿಗೆ ಮೊದಲು ಸಾಮಾನ್ಯವಾಗಿ ವ್ಯಾಯಾಮ, ಫಿಸಿಯೋಥೆರಪಿ. ಆದರೆ ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡು ನೇರವಾಗದಿದ್ದರೆ ರಿಪೋರ್ಟ್ ಏನೇ ಹೇಳಲಿ, ಮೂಳೆ ಡಾಕ್ಟರಿಗೆ ಬೇಗ ತೋರಿಸಿ.

ಎಡವೋ ಬಲವೋ ಸರಿಯಾಗಿದೆಯೇ, ಮೇಲಿನ ‘ಫೈಂಡಿಂಗ್ಸ್’ಗೂ ಇಂಪ್ರೆಷನ್‌ಗೂ ತಾಳೆಯಾಗುತ್ತದೆಯೇ ಅಂತಲೂ ನೋಡಿ. ಒಂದರಲ್ಲಿ ಗ್ರೇಡ್ 2, ಇನ್ನೊಂದರಲ್ಲಿ ‘ಟೇರ್’ ಇದ್ದರೆ ಸ್ಕ್ಯಾನ್ ಸೆಂಟರ್‌ಗೆ ಹೇಳಿ ತಿದ್ದಿಸಿಕೊಳ್ಳಿ. ಡಾಕ್ಟರ್ ಹತ್ತಿರ ಹೋಗುವಾಗ ರಿಪೋರ್ಟ್ ಜೊತೆ ಸಿ.ಡಿ.ಯನ್ನೂ ಒಯ್ಯಿರಿ.