ಸರ್ಟಿಫಿಕೇಟ್ ಇಲ್ಲದ ಅಕೌಂಟೆಂಟ್ ಕವರ್ ಲೆಟರ್ ಬರೆಯುವುದು ಹೇಗೆ?

ಜಾಹೀರಾತಿನಲ್ಲಿ ‘ಸಿಎಂಎ ಇಂಟರ್ ಆಗಿರಬೇಕು’ ಎಂಬ ಸಾಲು ಕಂಡರೆ ಅನುಭವಸ್ಥ ಅಕೌಂಟೆಂಟ್‌ಗಳೂ ಎಡವುತ್ತಾರೆ. ಕೆಲವರು ಪತ್ರದ ಮೊದಲ ಸಾಲಿನಲ್ಲೇ ಕ್ಷಮೆ ಕೇಳುತ್ತಾರೆ, ಉಳಿದವರು ಆ ಮಾತನ್ನೇ ಎತ್ತುವುದಿಲ್ಲ. ಎರಡೂ ತಪ್ಪು.

ತುಮಕೂರಿನ ಅಂತರಸನಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ 12 ವರ್ಷ ಲೆಕ್ಕ ನೋಡಿದ ಬಿ.ಕಾಂ. ಪದವೀಧರರು ವಸಂತನರಸಾಪುರದ ಬಿಡಿಭಾಗ ಕಾರ್ಖಾನೆಗೆ ಸೀನಿಯರ್ ಅಕೌಂಟೆಂಟ್ ಕೆಲಸಕ್ಕೆ ಬರೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ.

ಮೊದಲು, ಆ ಸರ್ಟಿಫಿಕೇಟ್ ಯಾಕೆ ಕೇಳಿದ್ದಾರೆಂದು ಹುಡುಕಿ. ಸಿಎಂಎ ಕೇಳಿದ ಕಾರ್ಖಾನೆಗೆ ಸಾಮಾನ್ಯವಾಗಿ ಬೇಕಾಗಿರುವುದು ಕಾಸ್ಟಿಂಗ್: ಒಂದು ಬಿಡಿಭಾಗಕ್ಕೆ ಎಷ್ಟು ಖರ್ಚು ಬಿತ್ತು, ಸ್ಟಾಕಿನ ಬೆಲೆ ಎಷ್ಟು, ಸ್ಕ್ರ್ಯಾಪ್ ಎಷ್ಟು ಹೋಯಿತು. ಸಿಎ ಇಂಟರ್ ಕೇಳಿದ್ದರೆ ಆಡಿಟ್ ಮತ್ತು ವರ್ಷಾಂತ್ಯದ ಲೆಕ್ಕದ ಕಡೆ ಒತ್ತು ಕೊಡಿ.

ಎರಡನೇ ಪ್ಯಾರಾದಲ್ಲಿ ಅದೇ ಕೆಲಸವನ್ನು ನೀವು ಮಾಡಿದ್ದನ್ನು ಹೇಳಿ. ‘ಜಿಎಸ್‌ಟಿ ಗೊತ್ತು’ ಎಂದರೆ ಯಾರೂ ನಂಬುವುದಿಲ್ಲ. ‘ಪ್ರತಿ ತಿಂಗಳು 14ರಂದು ಬರುವ ಜಿಎಸ್‌ಟಿಆರ್-2ಬಿಯನ್ನು ಖರೀದಿ ಪುಸ್ತಕದ ಜೊತೆ ತಾಳೆ ನೋಡಿ, ಬಿಲ್ ಏರಿಸದ ಸಪ್ಲೈಯರ್‌ಗಳನ್ನು ಬೆನ್ನತ್ತಿ, 20ರೊಳಗೆ 3ಬಿ ಸಲ್ಲಿಸುತ್ತೇನೆ’ ಎಂದರೆ ಓದುವ ಮ್ಯಾನೇಜರ್‌ಗೆ ಕೈ ಪಳಗಿದ್ದು ಗೊತ್ತಾಗುತ್ತದೆ. ಹಳೆಯ ಕಂಪನಿಯ ವಹಿವಾಟಿನ ಅಂಕಿಅಂಶ ಮಾತ್ರ ಬರೆಯಬೇಡಿ. ಅವರ ಗುಟ್ಟು ಬಿಟ್ಟುಕೊಟ್ಟವರು ನಾಳೆ ನಮ್ಮದನ್ನೂ ಬಿಟ್ಟುಕೊಡುತ್ತಾರೆಂದು ಓದುವವರು ಯೋಚಿಸುತ್ತಾರೆ.

ಕೊರತೆಯ ಮಾತು ಬರಬೇಕಾದದ್ದು ಮೂರನೇ ಪ್ಯಾರಾದಲ್ಲಿ, ಮೂರೇ ವಾಕ್ಯಗಳಲ್ಲಿ. ಮೊದಲನೆಯದು ಇಲ್ಲದ್ದನ್ನು ನೇರವಾಗಿ ಹೇಳಲಿ, ಎರಡನೆಯದು ಅದರ ಜಾಗದಲ್ಲಿರುವ ಕೆಲಸವನ್ನು, ಮೂರನೆಯದು ಮುಂದಿನ ಹೆಜ್ಜೆಯನ್ನು. ಪತ್ರ ಇಂಗ್ಲಿಷಿನಲ್ಲಿ ಹೋದರೂ ಒಕ್ಕಣೆ ಹೀಗಿರಲಿ:

‘ನಾನು ಸಿಎಂಎ ಇಂಟರ್ ಮಾಡಿಲ್ಲ. ಕಳೆದ ಆರು ವರ್ಷಗಳಿಂದ ಜಾಬ್‌ವಾರು ಕಾಸ್ಟ್ ಶೀಟ್ ಮತ್ತು ಬ್ಯಾಂಕಿನ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಎರಡನ್ನೂ ನಾನೇ ತಯಾರಿಸುತ್ತಿದ್ದೇನೆ. ಇಂಟರ್‌ಗೆ ನೋಂದಣಿಯಾಗಿದ್ದು, ಮೊದಲ ಗ್ರೂಪಿನ ನಾಲ್ಕು ಪೇಪರ್‌ಗಳನ್ನು ಮುಂದಿನ ಪರೀಕ್ಷೆಯಲ್ಲಿ ಬರೆಯುತ್ತೇನೆ.’

ನೋಂದಣಿ ಆಗಿರದಿದ್ದರೆ ಮೂರನೇ ವಾಕ್ಯ ಬಿಟ್ಟುಬಿಡಿ. ಇಂಟರ್‌ವ್ಯೂನಲ್ಲಿ ನೋಂದಣಿ ಸಂಖ್ಯೆ ಕೇಳಿದರೆ ಪತ್ರವಿಡೀ ಸುಳ್ಳಾಗಿ ಕಾಣುತ್ತದೆ. ‘ಮನೆಯ ತೊಂದರೆಯಿಂದ ಓದಲಾಗಲಿಲ್ಲ’ ಎಂಬ ಕಾರಣವೂ ಬೇಡ. ಅದು ನಿಜವೇ ಇದ್ದರೂ ಕೆಲಸ ಕೊಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಎರಡು ಭಾನುವಾರದ ಟ್ಯಾಲಿ ಕೋರ್ಸಿನ ಸರ್ಟಿಫಿಕೇಟನ್ನು ಸಿಎಂಎ ಬದಲಿಗೆ ಮುಂದಿಡಬೇಡಿ, ಕೊರತೆ ಇನ್ನೂ ಎದ್ದು ಕಾಣುತ್ತದೆ. ಸೈಬರ್ ಸೆಂಟರಿನ ಸಿದ್ಧ ಪತ್ರವೂ ಬೇಡವೇ ಬೇಡ. ಅದರಲ್ಲಿ ಈ ಪ್ಯಾರಾಕ್ಕೆ ಜಾಗವೇ ಇರುವುದಿಲ್ಲ.

ಕೊನೆಗೆ ನೋಟಿಸ್ ಪೀರಿಯಡ್ ಮತ್ತು ಫೋನ್ ನಂಬರ್ ಹಾಕಿ, ಒಂದೇ ಪುಟಕ್ಕೆ ಮುಗಿಸಿ.

ಸರ್ಕಾರಿ ಹುದ್ದೆಗಳಿಗೆ ಈ ದಾರಿ ನಡೆಯುವುದಿಲ್ಲ. ಅಲ್ಲಿ ಅಧಿಸೂಚನೆಯ ವಿದ್ಯಾರ್ಹತೆ ಇಲ್ಲದಿದ್ದರೆ ಅರ್ಜಿಯೇ ತಿರಸ್ಕೃತ. ಖಾಸಗಿಯಲ್ಲೂ ‘ಕಡ್ಡಾಯ’ ಎಂದಿದ್ದರೆ ಮೊದಲು ಎಚ್‌ಆರ್‌ಗೆ ಫೋನ್ ಮಾಡಿ ಕೇಳಿ, ‘ಆದ್ಯತೆ’ ಎಂದಿದ್ದರೆ ಇವತ್ತೇ ಕಳಿಸಿ.